ಕೆರೆ ಉಳಿಸಲು ಗ್ರಾಮಸಭೆಯಲ್ಲಿ ಮಾತಾಡುವವರಿಗೆ: ಮೊದಲು ಠರಾವು ಬರೆಯಿರಿ, ಆಮೇಲೆ ಭಾಷಣ

ಕೆರೆ ವಿಷಯಕ್ಕೆ ನಾನು ಮೊದಲ ಸಲ ಗ್ರಾಮಸಭೆಯಲ್ಲಿ ಎದ್ದು ನಿಂತಾಗ ಇಪ್ಪತ್ತು ನಿಮಿಷ ಮಾತಾಡಿದ್ದೆ. ಅಜ್ಜನ ಕಾಲದಲ್ಲಿ ನೀರು ಹೇಗಿತ್ತು, ಈಗ ಹೇಗೆ ನಾರುತ್ತದೆ, ಎಲ್ಲ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ತಿಂಗಳಾದ ಮೇಲೆ ನಡಾವಳಿಯ ನಕಲು ತೆಗೆಸಿ ನೋಡಿದರೆ ಅದರಲ್ಲಿ ಒಂದೇ ಸಾಲು ಇತ್ತು: "ಕೆರೆ ಸ್ವಚ್ಛತೆ ಕುರಿತು ಚರ್ಚಿಸಲಾಯಿತು." ಚರ್ಚಿಸಲಾಯಿತು ಅಂದರೆ ಯಾರೂ ಏನೂ ಮಾಡಬೇಕಾಗಿಲ್ಲ ಅಂತ ಅರ್ಥ.

ಅದನ್ನು ಬರೆದುಕೊಂಡವರ ಮೇಲೆ ಸಿಟ್ಟು ಬಂತು. ಆದರೆ ಆಮೇಲೆ ಯೋಚಿಸಿದರೆ, ಬರೆದುಕೊಳ್ಳಲು ನಾನೇ ಏನೂ ಕೊಟ್ಟಿರಲಿಲ್ಲ. ಯಾರು, ಏನು, ಯಾವ ತಾರೀಖಿನೊಳಗೆ ಮಾಡಬೇಕು ಅನ್ನುವುದು ನನ್ನ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ಮೊದಲು ಠರಾವು ಬರೆಯಿರಿ. ಭಾಷಣವನ್ನು ಅದರಿಂದ ಹಿಂದಕ್ಕೆ ಕಟ್ಟಿಕೊಂಡು ಬನ್ನಿ.

ಠರಾವಿನಲ್ಲಿ ಯಾರನ್ನು ಏನು ಕೇಳಬೇಕು

"ಪಂಚಾಯತಿಯವರು ಒತ್ತುವರಿ ತೆಗೆಸಬೇಕು" ಎಂದು ಬರೆದರೆ ಆ ಠರಾವು ಅಲ್ಲೇ ಕುಂತುಬಿಡುತ್ತದೆ. ಕೆರೆ ಸರ್ಕಾರಿ ಜಮೀನು. ಅದರ ಒತ್ತುವರಿ ತೆರವಿಗೆ ಭೂಕಂದಾಯ ಕಾಯ್ದೆ 1964ರ 104ನೇ ಕಲಂ ಇದೆ, ಆ ಕೆಲಸ ಕಂದಾಯ ಇಲಾಖೆಯದು. ಊರಿನ ಮಟ್ಟಿಗೆ ಅಂದರೆ ತಹಶೀಲ್ದಾರರದು. ಆದ್ದರಿಂದ ಗ್ರಾಮಸಭೆ ಕೇಳಬೇಕಾದದ್ದು ಎರಡು. ತಹಶೀಲ್ದಾರರು ಅಳತೆ ಮಾಡಿಸಿ ಹದ್ದುಬಸ್ತು ಕಲ್ಲು ನೆಡಿಸಲಿ, ಒಳಗೆ ಬಂದವರಿಗೆ ನೋಟಿಸು ಕೊಟ್ಟು ತೆರವು ಮಾಡಿಸಲಿ ಎಂಬುದು ಒಂದು. ಆ ಕೋರಿಕೆ ಪಂಚಾಯತಿಯಿಂದ ಇಂಥ ತಾರೀಖಿನೊಳಗೆ ಹೋಗಲಿ ಎಂಬುದು ಇನ್ನೊಂದು.

ಕೆರೆಯ ಉಸ್ತುವಾರಿ ಯಾರದು ಎನ್ನುವುದನ್ನೂ ತಿಳಿದುಕೊಳ್ಳಿ. ಕೆರೆ ನೀರುಣ್ಣುವ ಜಮೀನಿನ ಅಚ್ಚುಕಟ್ಟು 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆ ಒಳಗಿದ್ದರೆ ಕೆರೆ ಪಂಚಾಯತ್ ರಾಜ್ ಕಡೆ ಬರುತ್ತದೆ. ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಇದನ್ನು ತಪ್ಪಾಗಿ ಬರೆದರೆ ಕಾಗದ ಆರು ತಿಂಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತದೆ.

ಚರಂಡಿ ನೀರಿನ ವಿಷಯ ಮಾತ್ರ ಪೂರ್ತಿ ಪಂಚಾಯತಿಯ ಕೈಯಲ್ಲೇ ಇದೆ. ಅಲ್ಲಿ ಯಾರ ಮೇಲೂ ಹಾಕಲು ಬರುವುದಿಲ್ಲ.

ಕಾಗದದ ಕೆರೆ, ಕಣ್ಣಿಗೆ ಕಾಣುವ ಕೆರೆ

ಕೆರೆ ಎಷ್ಟಿತ್ತು ಎಂದು ಹೇಳಲು ಮೂರು ಕಾಗದ ಬೇಕು: ಪಹಣಿ, ಗ್ರಾಮ ನಕ್ಷೆ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದ ಆಕಾರಬಂದ್. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ನಕ್ಷೆ ಮತ್ತು ಆಕಾರಬಂದ್ ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ. ಮೂರರಲ್ಲೂ ವಿಸ್ತೀರ್ಣ ಒಂದೇ ಇದೆಯಾ ನೋಡಿ. ನಮ್ಮ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇತ್ತಲ್ವಾ, ಹಾಗಾಗಿ ಹಳೆಯ ದಾಖಲೆ ಕೆಲವು ಉರ್ದುವಿನಲ್ಲಿ ಇರುತ್ತವೆ. ಓದಲು ಬರುವ ಹಿರಿಯರು ಊರಲ್ಲೇ ಸಿಗುತ್ತಾರೆ. ನನಗೆ ಓದಿಕೊಟ್ಟವರು ನಮ್ಮೂರ ಟೇಲರ್ ಚಾಚಾ. ಒಂದು ಮಧ್ಯಾಹ್ನ, ಎರಡು ಕಪ್ ಚಹಾ.

ಮೊಬೈಲಿನಲ್ಲಿ Dishaank ಹಾಕಿಕೊಂಡು ಕೆರೆ ಸುತ್ತ ನಡೆದರೆ ನೀವು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ತೋರಿಸುತ್ತದೆ. ಅಂದಾಜಿಗೆ ಇದು ಚೆನ್ನಾಗಿದೆ. ಆದರೆ ಆ ಅಂದಾಜನ್ನು ಸಭೆಯಲ್ಲಿ ಗುಂಟೆ ಲೆಕ್ಕದಲ್ಲಿ ಹೇಳಬೇಡಿ. ಸುತ್ತಳತೆ ಒಂದು ಕಿಲೋಮೀಟರ್ ಇರುವ ಕೆರೆಯಲ್ಲಿ ಮೊಬೈಲು ಸುತ್ತಲೂ ಐದು ಮೀಟರ್ ಒಳಗೆ ತೋರಿಸಿದರೂ ಒಂದು ಎಕರೆಗಿಂತ ಜಾಸ್ತಿ ಹೆಚ್ಚುಕಮ್ಮಿಯಾಗುತ್ತದೆ. ಎದುರಿನವರು ಆ ಒಂದು ತಪ್ಪನ್ನು ಹಿಡಿದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. "ಕಾಗದದಲ್ಲಿ ಇಷ್ಟಿದೆ, ಈಗ ಅಷ್ಟು ಕಾಣುತ್ತಿಲ್ಲ, ಅಳೆಯಿರಿ" ಎಂದರೆ ಸಾಕು.

ಒತ್ತುವರಿ ಹೇಗೆ ಆಗುತ್ತದೆ ಎನ್ನುವುದು ನೋಡಲು ಒಳ್ಳೆಯ ಕಾಲ ಎಳ್ಳಮಾಸಿ. ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗುತ್ತಾರೆ, ಅವತ್ತು ಕೆರೆ ಅಂಗಳದಲ್ಲಿ ಯಾರ ಜೋಳ, ಯಾರ ಕಡಲೆ ನಿಂತಿದೆ ಎಂದು ಊರಿಗೇ ಕಾಣುತ್ತದೆ. ನೀರು ಇಳಿದಂತೆ ಹಸಿ ಮಣ್ಣಿನಲ್ಲಿ ಬಿತ್ತುವುದು ಹಳೆಯ ರೂಢಿ. ನೀರು ಬಂದಾಗ ಬಿಟ್ಟು ಹೊರಬಂದರೆ ಅದರಿಂದ ಕೆರೆಗೆ ದೊಡ್ಡ ನಷ್ಟವಿಲ್ಲ. ನಷ್ಟ ಶುರುವಾಗುವುದು ಬದು ಹಾಕಿದಾಗ. ವರ್ಷಕ್ಕೆ ನಾಲ್ಕು ಸಾಲು ಒಳಗೆ, ಆಮೇಲೆ ಹೂಳು ಎತ್ತುವ ನೆಪದಲ್ಲಿ ಆ ಮಣ್ಣನ್ನೇ ಅಂಚಿಗೆ ಸುರಿದು ಎತ್ತರ ಮಾಡುವುದು, ಆಮೇಲೆ ತಂತಿ ಬೇಲಿ.

ಜನ ಮರೆಯುವ ಇನ್ನೊಂದು ಜಾಗ ಕೋಡಿ. ಒಳಗೆ ಬೆಳೆ ಇಟ್ಟವರಿಗೆ ಕೆರೆ ತುಂಬುವುದು ಬೇಡ. ಕೋಡಿಯ ಕಲ್ಲು ಒಂದೂವರೆ ಅಡಿ ಕಿತ್ತರೆ ಕೆರೆ ಅಷ್ಟು ಕಡಿಮೆ ತುಂಬುತ್ತದೆ, ಅಂಚಿನ ಭೂಮಿ ವರ್ಷಪೂರ್ತಿ ಒಣಗಿರುತ್ತದೆ. "ಮಳೆ ಕಮ್ಮಿ, ಅದಕ್ಕೇ ಕೆರೆ ತುಂಬ್ತಿಲ್ಲ" ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ. ಕೋಡಿಯಲ್ಲಿ ಹೊಸದಾಗಿ ಒಡೆದ ಕಲ್ಲಿನ ಗುರುತು ಇದೆಯಾ, ಏರಿಯ ಒಳಮೈಯಲ್ಲಿ ಹಳೆಯ ನೀರಿನ ಗೆರೆ ಈಗಿನ ಕೋಡಿಗಿಂತ ಮೇಲಿದೆಯಾ, ನೋಡಿ ಬನ್ನಿ.

ಒಂದು ಎಚ್ಚರ. ನೀರು ನಿಲ್ಲುವ ಜಾಗವೆಲ್ಲ ಕೆರೆಯ ಸರ್ವೆ ನಂಬರಿನಲ್ಲೇ ಇರುತ್ತದೆ ಎಂದು ತಿಳಿಯಬೇಡಿ. ಅಂಚಿನಲ್ಲಿ ಕೆಲವು ಪಟ್ಟಾ ಜಮೀನಿಗೂ ನೀರು ಬಂದು ನಿಲ್ಲುತ್ತದೆ. ಅಲ್ಲಿ ಉಳುವವರು ಕಳ್ಳರಲ್ಲ. ಅವರನ್ನು ಒತ್ತುವರಿದಾರರ ಜೊತೆ ಸೇರಿಸಿ ಬೈದರೆ ಊರಲ್ಲಿ ನಿಮಗೆ ಸಿಗಬೇಕಾಗಿದ್ದ ನಾಲ್ಕು ಮಂದಿ ಎದುರಾಗುತ್ತಾರೆ.

ಚರಂಡಿ ನೀರನ್ನು ಬಕೆಟ್‌ನಲ್ಲಿ ಅಳೆಯಿರಿ

ಕೆರೆಗೆ ಬೀಳುವ ಚರಂಡಿಗಳ ಬಾಯಿ ಎಷ್ಟಿವೆ ಎಣಿಸಿ. ಪ್ರತಿ ಬಾಯಿಗೂ 15 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಬೆಳಿಗ್ಗೆ 25 ಸೆಕೆಂಡಿಗೆ ತುಂಬಿದರೆ ಆ ಹೊತ್ತಿಗೆ ಗಂಟೆಗೆ ಎರಡು ಸಾವಿರ ಲೀಟರ್ ಮೇಲೆ ಹೋಗುತ್ತಿದೆ. ಕೈಗವಸು ಹಾಕಿಕೊಳ್ಳಿ, ಹುಡುಗರ ಕೈಲಿ ಮಾಡಿಸಬೇಡಿ.

ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕಬಹುದು. ಜಲ ಜೀವನ್ ನಲ್ಲಿಯ ಗುರಿ ತಲೆಗೆ ದಿನಕ್ಕೆ 55 ಲೀಟರ್. ಬಳಸಿದ ನೀರಿನಲ್ಲಿ ಸುಮಾರು ಶೇ. 70 ಚರಂಡಿಗೆ ಬರುತ್ತದೆ ಎಂದು ಹಿಡಿಯಿರಿ. ಒಂದು ಚರಂಡಿಗೆ 120 ಮನೆ, ಮನೆಗೆ ಐದು ಜನ ಎಂದರೆ ದಿನಕ್ಕೆ 23,000 ಲೀಟರ್ ಆಗುತ್ತದೆ. ಸಭೆಯಲ್ಲಿ ಈ ಅಂಕಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. "ದಿನಾ ನಾಲ್ಕೂವರೆ ಟ್ಯಾಂಕರ್ ಹೊಲಸು ನೀರು" ಎಂದರೆ ತಟ್ಟುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಂತವರಿಗೆ ಅದರ ಅಳತೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಪರಿಹಾರದ ಮಾತು. ಬಹಳ ಮಂದಿ ಕೂಡಲೇ "ಮನೆ ಮನೆಗೆ ಇಂಗು ಗುಂಡಿ" ಎನ್ನುತ್ತಾರೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕಲಬುರಗಿ, ಯಾದಗಿರಿಯ ಎರೆ ಮಣ್ಣಿನಲ್ಲಿ ನಡೆಯುವುದು ಕಷ್ಟ. ಎರೆ ಹಸಿಯಾದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲ ಬೇಸಿಗೆಯಲ್ಲಿ ಬಿರುಕಿನೊಳಗೆ ನೀರು ಗಟಗಟ ಇಳಿಯುತ್ತದೆ, ಎಲ್ಲರೂ ಖುಷಿ. ಮಳೆಗಾಲ ಬಂದರೆ ಗುಂಡಿ ತುಂಬಿ ಅಂಗಳಕ್ಕೆ ಹರಿಯುತ್ತದೆ. ಹಾಗಾಗಿ ಸಭೆಗೆ ಮುಂಚೆ ಎರಡು ಮೂರು ಕಡೆ ಮೊಳದಷ್ಟು ಆಳದ ಗುಂಡಿ ತೋಡಿ. ಹಿಂದಿನ ದಿನ ನೀರು ತುಂಬಿ ನೆನೆಯಲು ಬಿಡಿ. ಮರುದಿನ ಮತ್ತೆ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಕೋಲಿಟ್ಟು ನೋಡಿ. ಒಂದು ಬೆರಳಿನಷ್ಟೂ ಇಳಿಯದಿದ್ದರೆ ಇಂಗು ಗುಂಡಿಯ ಮಾತು ಬಿಡಿ.

ಅಂಥ ನೆಲಕ್ಕೆ ಚರಂಡಿ ಮತ್ತು ಕೆರೆಯ ನಡುವೆ ಕೊಳ ಬೇಕು. ಮೊದಲು ಮಣ್ಣು, ಕಸ ನಿಲ್ಲುವ ತೊಟ್ಟಿ ಮತ್ತು ಜಾಲರಿ, ಆಮೇಲೆ ನೀರು ನಿಧಾನ ಸಾಗುವ ಎರಡು ಮೂರು ತಗ್ಗು ಕೊಳ, ಕೊನೆಗೆ ಆಪು ಬೆಳೆಸಿದ ಜಲ್ಲಿಯ ಹಾಸು. ನೀರು ಇಂಗದ ಎರೆ ಮಣ್ಣು ಇಲ್ಲಿ ಅನುಕೂಲವೇ ಆಗುತ್ತದೆ. 23,000 ಲೀಟರ್ ನೀರು ಒಂದು ವಾರ ನಿಲ್ಲಬೇಕು, ಆಳ ನಾಲ್ಕು ಅಡಿ ಎಂದು ಹಿಡಿದರೆ ನೀರಿಗೆ ಬೇಕಾಗುವ ಜಾಗ ಒಂದೂವರೆ ಗುಂಟೆಯ ಒಳಗೆ. ಬದು, ದಾರಿ, ಬೇಲಿ ಸೇರಿ ಮೂರು ಗುಂಟೆ ಕೇಳಿ. ಸರಿಯಾದ ಅಳತೆ ಇಂಜಿನಿಯರ್ ಮಾಡುತ್ತಾರೆ. ಈ ಮೂರು ಗುಂಟೆ ಕೆರೆಯ ಸರ್ವೆ ನಂಬರಿನೊಳಗೆ ಬರಕೂಡದು, ಇಲ್ಲದಿದ್ದರೆ ನಾವೇ ಒತ್ತುವರಿ ಮಾಡಿದಂತಾಗುತ್ತದೆ!

ಇದೆಲ್ಲ ಸ್ನಾನ, ಬಟ್ಟೆ, ಪಾತ್ರೆ ತೊಳೆದ ನೀರಿಗೆ, ಅಂದರೆ ಬೂದು ನೀರಿಗೆ. ಶೌಚಾಲಯದ ಟಾಕಿಯ ಪೈಪನ್ನು ಚರಂಡಿಗೆ ಬಿಟ್ಟ ಮನೆಗಳ ಲೆಕ್ಕ ಬೇರೆ. ಅವನ್ನು ಮೊದಲು ಬಿಡಿಸದೆ ಕೊಳ ಕಟ್ಟಿದರೆ ಕೊಳವೇ ಹೊಲಸು ಗುಂಡಿಯಾಗುತ್ತದೆ. ನಿಮ್ಮ ಮನೆಯ ಪೈಪನ್ನೂ ಒಮ್ಮೆ ನೋಡಿಕೊಂಡು ಸಭೆಗೆ ಹೋಗಿ. ನಾನು ನೋಡಿಕೊಂಡಿರಲಿಲ್ಲ, ಸಭೆಯಲ್ಲಿ ಒಬ್ಬ ಅಜ್ಜಿ ಕೇಳಿಯೇ ಬಿಟ್ಟಳು.

ಸಭೆಯ ಮೊದಲು

ವಾರ್ಡ್ ಸಭೆಯಲ್ಲೇ ವಿಷಯ ಎತ್ತಿ, ಅಲ್ಲಿಂದ ಗ್ರಾಮಸಭೆಗೆ ಬರುವಂತೆ ಮಾಡಿ. ಜೊತೆಗೆ ಪಿಡಿಒ ಅವರಿಗೆ ಅರ್ಜಿ ಕೊಟ್ಟು ವಿಷಯಪಟ್ಟಿಯಲ್ಲಿ ಸೇರಿಸಲು ಕೇಳಿ, ಸ್ವೀಕೃತಿ ಪಡೆಯಿರಿ. "ಇತರೆ ವಿಷಯಗಳು" ಎಂಬಲ್ಲಿಗೆ ಬಿಟ್ಟರೆ ಅಷ್ಟೊತ್ತಿಗೆ ಮನೆ ಪಟ್ಟಿಯ ಜಗಳ ಮುಗಿದು ಜನ ಎದ್ದು ಹೋಗಿರುತ್ತಾರೆ. ಸೂಚಕರು, ಅನುಮೋದಕರು ಯಾರೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳು, ಒಬ್ಬರು ಬೇರೆ ಓಣಿಯವರು ಆಗಿದ್ದರೆ ವಿಷಯ ಒಂದು ಗುಂಪಿನದು ಎಂದು ಹೇಳಲು ಬರುವುದಿಲ್ಲ.

ಒಳಗೆ ಉಳುತ್ತಿರುವವರ ಮನೆಗೂ ಒಮ್ಮೆ ಹೋಗಿ ಬನ್ನಿ. "ಕಾಕಾ, ಅಳತೆ ಕೇಳ್ತಿದ್ದೀವಿ, ನಿಮ್ಮ ಹೆಸರು ಸಭೆಯಲ್ಲಿ ಎತ್ತಂಗಿಲ್ಲ" ಎಂದು ಹೇಳಿ. ಆ ಮಾತನ್ನು ಆಮೇಲೆ ಉಳಿಸಿಕೊಳ್ಳಿ.

ಭಾಷಣ

ಐದು ನಿಮಿಷ ಮೀರಬಾರದು. ಕೆಳಗಿನದರಲ್ಲಿ ಸರ್ವೆ ನಂಬರ್, ಎಕರೆ, ಮನೆಗಳ ಲೆಕ್ಕ ಎಲ್ಲ ಮಾದರಿಗೆ ಇಟ್ಟದ್ದು. ನಿಮ್ಮೂರಿನದನ್ನು ತುಂಬಿಕೊಳ್ಳಿ.

"ಅಧ್ಯಕ್ಷರೇ, ನೋಡಲ್ ಅಧಿಕಾರಿಗಳೇ, ಪಿಡಿಒ ಸಾಹೇಬರೇ, ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ. ನಾನು ಕೆರೆ ಬಗ್ಗೆ ಐದು ನಿಮಿಷ ಮಾತಾಡಿ ಒಂದು ಠರಾವು ಓದುತ್ತೇನೆ.

ಇದು ನಮ್ಮ ಆಕಾರಬಂದ್ ನಕಲು. ಸರ್ವೆ ನಂಬರ್ 84, ಸರ್ಕಾರಿ ಕೆರೆ, 18 ಎಕರೆ 20 ಗುಂಟೆ. ಇದು ಗ್ರಾಮ ನಕ್ಷೆ. ಹೋದ ವಾರ ನಾವು ಆರು ಜನ ಸುತ್ತ ನಡೆದೆವು. ನಕ್ಷೆಯಲ್ಲಿ ಕೆರೆ ಇದ್ದ ಮೂರು ಕಡೆ ಈಗ ಬದು, ಒಂದು ಕಡೆ ತಂತಿ ಬೇಲಿ ಇದೆ. ಎಷ್ಟು ಹೋಗಿದೆ ಎಂದು ನಾನು ಹೇಳುವುದಿಲ್ಲ. ಅದು ಭೂಮಾಪಕರ ಕೆಲಸ. ಯಾರದು ಎಂದೂ ಹೇಳುವುದಿಲ್ಲ. ಕಲ್ಲು ನೆಟ್ಟ ಮೇಲೆ ಕಲ್ಲೇ ಹೇಳುತ್ತದೆ. ಅಂಚಿನಲ್ಲಿ ಪಟ್ಟಾ ಜಮೀನು ಇದ್ದವರಿಗೂ ಅಳತೆಯಿಂದ ಒಳ್ಳೆಯದೇ. ಅವರ ಗಡಿಯೂ ಗಟ್ಟಿಯಾಗುತ್ತದೆ.

ಇನ್ನೊಂದು, ಕೋಡಿ. ಒಳಮೈ ಕಲ್ಲಿನಲ್ಲಿ ಹಳೆಯ ನೀರಿನ ಗೆರೆ ಈಗಿನ ಕೋಡಿಗಿಂತ ಒಂದೂವರೆ ಅಡಿ ಮೇಲಿದೆ. ಅನುಮಾನ ಇದ್ದವರು ಸಭೆ ಮುಗಿದ ಮೇಲೆ ನನ್ನ ಜೊತೆ ಬನ್ನಿ, ತೋರಿಸುತ್ತೇನೆ. ಮಳೆ ಬಂದರೂ ಕೆರೆ ತುಂಬದಂತೆ ಆಗಿದೆ. ಕೆರೆ ಕೆಳಗಿನ ಬಾವಿ, ಬೋರ್‌ವೆಲ್ ಇರುವವರು ಇದನ್ನು ಯೋಚಿಸಿ.

ಈಗ ಹೊಲಸು ನೀರು. ಎರಡು ಚರಂಡಿ ಕೆರೆಗೆ ಬೀಳುತ್ತವೆ. ದೊಡ್ಡದು 120 ಮನೆಗಳದ್ದು. ದಿನಕ್ಕೆ ನಾಲ್ಕೂವರೆ ಟ್ಯಾಂಕರ್. ಅದರಲ್ಲಿ ನನ್ನ ಮನೆಯ ನೀರೂ ಇದೆ. ಹೋದ ಬೇಸಿಗೆಯಲ್ಲಿ ಮೀನು ಸತ್ತು ತೇಲಿದ್ದು ನಸುಕಿನಲ್ಲಿ, ನೆನಪಿದೆಯಲ್ವಾ? ಯಾರೋ ವಿಷ ಹಾಕಿದರು ಎಂದು ಮಾತಾಡಿಕೊಂಡೆವು. ಚರಂಡಿಯ ಗೊಬ್ಬರ ತಿಂದು ಪಾಚಿ ಬೆಳೆಯುತ್ತದೆ. ಹಗಲು ಅದು ನೀರಿಗೆ ಉಸಿರು ಕೊಡುತ್ತದೆ, ರಾತ್ರಿ ಎಲ್ಲ ಅದೇ ಉಸಿರು ಎಳೆದುಕೊಳ್ಳುತ್ತದೆ. ನಸುಕಿಗೆ ಮೀನಿಗೆ ಏನೂ ಉಳಿಯುವುದಿಲ್ಲ. ವಿಷ ಹಾಕಲು ಹೊರಗಿನವರೇ ಬರಬೇಕಾಗಿಲ್ಲ.

ಇಂಗು ಗುಂಡಿ ನಮ್ಮ ಎರೆ ನೆಲದಲ್ಲಿ ನಿಲ್ಲುವುದಿಲ್ಲ. ಮೂರು ಕಡೆ ತೋಡಿ ನೋಡಿದ್ದೇವೆ. ಅದಕ್ಕೆ ಚರಂಡಿ ಬಾಯಿಗೆ, ಕೆರೆಯ ಗಡಿಯ ಹೊರಗೆ, ಮೂರು ಗುಂಟೆಯಲ್ಲಿ ಕೊಳ ಕೇಳುತ್ತಿದ್ದೇವೆ.

ಕೆರೆ ಅಂಗಳದಲ್ಲಿ ಮನೆ ಕಟ್ಟಿಕೊಂಡ ನಾಲ್ಕು ಬಡ ಕುಟುಂಬಗಳಿವೆ. ಅವರಿಗೆ ಬೇರೆ ಜಾಗ ತೋರಿಸದೆ ಎಬ್ಬಿಸಿ ಎಂದು ಈ ಠರಾವು ಹೇಳುವುದಿಲ್ಲ. ನಿವೇಶನ ಪಟ್ಟಿಯಲ್ಲಿ ಅವರ ಹೆಸರು ಮೊದಲು ಬರಲಿ.

2011ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಒಂದು ಹಳ್ಳಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಲ್ಲೂ ಊರ ಕೆರೆ ಮುಚ್ಚಿ ಮನೆ ಕಟ್ಟಿದ್ದರು. ಊರಿನ ಸಾಮೂಹಿಕ ಜಮೀನನ್ನು ಊರಿಗೇ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಎಂದು ಹೇಳಿತು. ನಾವು ಕೇಳುತ್ತಿರುವುದು ಹೊಸದಲ್ಲ.

ಈಗ ಠರಾವು ಓದುತ್ತೇನೆ. ಇದನ್ನು ಇದ್ದಂತೆಯೇ ನಡಾವಳಿಯಲ್ಲಿ ಬರೆದುಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ.

ಸರ್ವೆ ನಂಬರ್ 84ರ ಸರ್ಕಾರಿ ಕೆರೆ, ಅದಕ್ಕೆ ನೀರು ತರುವ ಹಳ್ಳ ಮತ್ತು ಕೋಡಿಯನ್ನು ಅಳತೆ ಮಾಡಿಸಿ ಹದ್ದುಬಸ್ತು ಕಲ್ಲು ನೆಡಿಸಲು, ಒತ್ತುವರಿ ಕಂಡಲ್ಲಿ ಭೂಕಂದಾಯ ಕಾಯ್ದೆಯ 104ನೇ ಕಲಂ ಪ್ರಕಾರ ಕ್ರಮ ಕೈಗೊಳ್ಳಲು ತಹಶೀಲ್ದಾರರನ್ನು ಕೋರಿ ಪಿಡಿಒ ಅವರು 15 ದಿನದೊಳಗೆ ಪತ್ರ ಕಳಿಸುವುದು. ಅಳತೆಯ ನಂತರ ಗಡಿಗುಂಟ ಕಂದಕವನ್ನು ಉದ್ಯೋಗ ಖಾತ್ರಿಯಲ್ಲಿ ತೆಗೆಯುವುದು. ಶೌಚ ಟಾಕಿಯ ಪೈಪನ್ನು ಚರಂಡಿಗೆ ಬಿಟ್ಟ ಮನೆಗಳ ಪಟ್ಟಿಯನ್ನು ಒಂದು ತಿಂಗಳಲ್ಲಿ ಮಾಡಿ, ಮೂರು ತಿಂಗಳಲ್ಲಿ ಬಿಡಿಸುವುದು. ಬೂದು ನೀರಿನ ಕೊಳಕ್ಕೆ ಅಂದಾಜು ಪಟ್ಟಿ ಮಾಡಿಸಿ ಪಂಚಾಯತಿಯ ಈ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸುವುದು. ಇವುಗಳ ಪ್ರಗತಿಯನ್ನು ಮುಂದಿನ ಗ್ರಾಮಸಭೆಯ ಮೊದಲ ವಿಷಯವಾಗಿ ಓದುವುದು."

ಓದಿದ ಮೇಲೆ

ಕೂತುಬಿಡಿ. ಸೂಚಕರು ಎದ್ದು ಹೆಸರು ಹೇಳಲಿ, ಅನುಮೋದಕರು ಒಪ್ಪಿಗೆ ಹೇಳಲಿ, ಅಧ್ಯಕ್ಷರು ಸಭೆಯನ್ನು ಕೇಳಲಿ. ಠರಾವಿನ ಎರಡು ಪ್ರತಿ ಇಟ್ಟುಕೊಂಡಿರಿ. ಒಂದನ್ನು ಬರೆಯುವವರ ಕೈಗೆ ಕೊಟ್ಟರೆ ಅವರಿಗೂ ಸುಲಭ, ಮಾತು ಬದಲಾಗುವುದೂ ಇಲ್ಲ.

ಮೂರು ಮಾತು ಬಂದೇ ಬರುತ್ತವೆ. "ಮೊದಲು ದೊಡ್ಡವರದು ತೆಗೆಸ್ರಿ" ಎಂದರೆ, ಅಳತೆಗೆ ದೊಡ್ಡವರು ಸಣ್ಣವರು ಇಲ್ಲ, ಇಡೀ ಸರ್ವೆ ನಂಬರ್ ಅಳೆಯುತ್ತಾರೆ ಎಂದು ಹೇಳಿ. "ದುಡ್ಡೆಲ್ಲದ?" ಎಂದರೆ, ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೇ ಕಟ್ಟಿಟ್ಟ ಭಾಗ ಇರುತ್ತದೆ, ಈ ವರ್ಷ ಅದು ಎಲ್ಲಿ ಖರ್ಚಾಯಿತು ಎಂದು ಮರಳಿ ಕೇಳಿ. "ಮುಂದಿನ ಸಭೆಯಲ್ಲಿ ನೋಡೋಣು" ಎನ್ನುವುದು ಮೂರನೆಯದು, ಮೂರರಲ್ಲಿ ಗಟ್ಟಿಯಾದದ್ದೂ ಇದೇ. ಇಲ್ಲಿ ಜಗ್ಗಾಡಬೇಡಿ. ಕೊಳವನ್ನು ಬೇಕಾದರೆ ಮುಂದೆ ಹಾಕಿ, ಅಳತೆಯ ಪತ್ರ ಮಾತ್ರ ಇವತ್ತೇ ಠರಾವಾಗಲಿ ಎಂದು ಹಿಡಿಯಿರಿ. ಅಳತೆಗೆ ಪಂಚಾಯತಿಯ ದುಡ್ಡು ಹೆಚ್ಚು ಬೇಕಾಗಿಲ್ಲ, ಬೇಡ ಎನ್ನಲು ಬಾಯಿಬಿಟ್ಟು ಹೇಳುವಂಥ ಕಾರಣವೂ ಯಾರ ಹತ್ತಿರವೂ ಇರುವುದಿಲ್ಲ.

ವಾರದ ನಂತರ ಹೋಗಿ ದೃಢೀಕೃತ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹದಿನಾರನೆಯ ದಿನ ಪತ್ರದ ಜಾವಕ ನಂಬರ್ ಕೇಳಿ ಬರೆದುಕೊಳ್ಳಿ. ಆ ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಗೆ ಹೋದರೆ ಆವಕದಲ್ಲಿ ಪತ್ರ ಬಂದಿದೆಯೋ ಇಲ್ಲವೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಭೂಮಾಪಕರು ಬರುವ ದಿನ ಅಂಚಿನ ಹೊಲದವರನ್ನೆಲ್ಲ ಕರೆಯಿರಿ, ಪಂಚನಾಮೆಗೆ ಅವರ ಸಹಿ ಬೇಕಾಗುತ್ತದೆ. ಎರೆ ನೆಲ, ಕಲ್ಲು ಎರಡು ಮಳೆಗೆ ವಾಲುತ್ತದೆ. ಅದಕ್ಕೆ ಮೊಣಕಾಲುದ್ದ ಆಳದಲ್ಲಿ ಕಾಂಕ್ರೀಟ್ ಹಾಕಿ ನೆಡಿಸಿ, ಪ್ರತಿ ಕಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ.